ಕತ್ತರಿ ಹಾಕಬ್ಯಾಡ್ರಿ, ಕಾಕು

ಡಿಸೆಂಬರ್ ರಜೆ. ಜಮಖಂಡಿ ಕಡೆಯ ನಮ್ಮ ಹೊಲಕ್ಕೆ ತ್ರೀ ಫೇಸ್ ಕರೆಂಟ್ ಬರೋದು ರಾತ್ರಿ, ಹಾಗಾಗಿ ಕಬ್ಬಿಗೆ ನೀರು ಬಿಡೋಕೆ ಅಪ್ಪನ ಸ್ವೆಟರ್ ಹಾಕಿಕೊಂಡು ನಾನೇ ಹೋಗಿದ್ದೆ. ಕತ್ತಲಲ್ಲಿ ತಂತಿ ಬೇಲಿ ದಾಟುವಾಗ ಎದೆಯ ಹತ್ತಿರ ಏನೋ ಹಿಡಿದಂತಾಯ್ತು. ನಿಲ್ಲಲಿಲ್ಲ, ಹಾಗೇ ಎಳೆದುಕೊಂಡು ಮುಂದೆ ನಡೆದೆ. ಬೆಳಗ್ಗೆ ನೋಡಿದರೆ ಎರಡು ಸೆಂಟಿಮೀಟರ್ ಎತ್ತರದ ನೂಲಿನ ಕುಣಿಕೆಯೊಂದು ಹೊರಗೆ ನಿಂತಿದೆ, ಅದರ ಎರಡೂ ಕಡೆ ಬಟ್ಟೆ ಅಡ್ಡಗೆರೆ ಎಳೆದಂತೆ ಸುಕ್ಕುಗಟ್ಟಿದೆ. ಅಪ್ಪನ ಹತ್ತಿರ ಇರೋದು ಅದೊಂದೇ ಸ್ವೆಟರ್.

ಆ ದಿನ ಬನಹಟ್ಟಿಗೆ ಕಾಕು ಮನೆಗೆ ಹೋಗೋದಿತ್ತು, ಸ್ವೆಟರನ್ನೂ ಒಯ್ದೆ. ಕಾಕು ಮೂವತ್ತು ವರ್ಷದಿಂದ ಸೀರೆ ಮಗ್ಗದ ಮುಂದೆ ಇರುವವರು. ನೋಡಿದವರೇ, “ಇಷ್ಟಕ್ಕ ಯಾಕ ಚಿಂತಿ ಮಾಡ್ತಿ ತಮ್ಮಾ? ಆ ಕತ್ತರಿ ಕೊಡಿಲ್ಲೆ” ಅಂದರು.

“ಕತ್ತರಿ ಹಾಕಬ್ಯಾಡ್ರಿ ಕಾಕು!”

ಅವರ ಕೈ ತಪ್ಪಿದ್ದೇನಲ್ಲ. ಸೀರೆಯಲ್ಲಿ ಎದ್ದ ಎಳೆಯ ತುದಿಯನ್ನು ಚಿವುಟಿ ಬಿಟ್ಟರೆ ಏನೂ ಆಗೋದಿಲ್ಲ. ಹಾಸು-ಹೊಕ್ಕಿನ ಬಟ್ಟೆಯಲ್ಲಿ ಪ್ರತಿ ಎಳೆಯನ್ನೂ ಅಡ್ಡ ಹಾಯ್ದ ನೂರಾರು ಎಳೆಗಳು ಒತ್ತಿ ಹಿಡಿದಿರುತ್ತವೆ. ಒಂದು ಕಡೆ ಕತ್ತರಿಸಿದರೂ ಉಳಿದ ಭಾಗ ಇದ್ದಲ್ಲೇ ಇರುತ್ತದೆ. ಸ್ವೆಟರಿನ ಲೆಕ್ಕ ಬೇರೆ. ಕಾಕು ಅದನ್ನು ಬೆಳಕಿಗೆ ಹಿಡಿದು, “ಇದರಾಗ ಹಾಸು ಯಾವುದೋ, ಹೊಕ್ಕು ಯಾವುದೋ?” ಅಂತ ಕೇಳಿದರು.

“ಹಾಸ ಇಲ್ಲರಿ ಕಾಕು. ಬರೇ ಹೊಕ್ಕ.”

ಹೆಣೆದ ಬಟ್ಟೆಯಲ್ಲಿ ಒಂದೇ ನೂಲು ಅಡ್ಡಡ್ಡ ಓಡುತ್ತಾ, ಕುಣಿಕೆ ಮೇಲೆ ಕುಣಿಕೆ ಆಗುತ್ತಾ ಹೋಗುತ್ತದೆ. ಮೇಲಿನ ಸಾಲಿನ ಕುಣಿಕೆ ಕೆಳಗಿನ ಸಾಲಿನ ಕುಣಿಕೆಯೊಳಗಿಂದ ತೂರಿ ಬಂದಿರುತ್ತದೆ, ಕೆಳಗಿನದು ಬಿಚ್ಚಿಹೋಗದಂತೆ ಅದೇ ಹಿಡಿದಿರುತ್ತದೆ. ಇಳಕಲ್ ಸೀರೆಯಲ್ಲಿ ಮೈಯ ಹಾಸಿನ ಎಳೆಗಳಿಗೂ ಸೆರಗಿನ ಹಾಸಿನ ಎಳೆಗಳಿಗೂ ಕೊಂಡಿ ಹಾಕಿ ಜೋಡಿಸುತ್ತಾರಲ್ಲ, ಇಡೀ ಬಟ್ಟೆಯೇ ಅಂಥ ಕೊಂಡಿಗಳಿಂದ ಆಗಿದೆ ಅಂದುಕೊಳ್ಳಿ. ಅದರಲ್ಲಿ ಒಂದನ್ನು ಕತ್ತರಿಸಿದರೆ ಅದು ಹಿಡಿದಿದ್ದ ಕುಣಿಕೆ ಸಡಿಲಾಗುತ್ತದೆ, ಅದು ಜಾರಿದರೆ ಅದರ ಕೆಳಗಿನದು. ಒಂದೆರಡು ಒಗೆತದಲ್ಲಿ ಏಣಿಯ ಮೆಟ್ಟಿಲಿನಂಥ ಸಂದು ಕೆಳಗಿನವರೆಗೂ ಇಳಿಯಬಹುದು. ನನ್ನ ಸ್ವೆಟರಿನಲ್ಲಿ ನೂಲು ಕಡಿದಿರಲಿಲ್ಲ, ಜಾಗ ಬಿಟ್ಟಿತ್ತು ಅಷ್ಟೆ. ಕತ್ತರಿ ಹಾಕಿದ್ದರೆ ಇಲ್ಲದ ತೂತನ್ನು ನಾವೇ ಮಾಡಿದಂತಾಗುತ್ತಿತ್ತು.

ಹೊರಗೆ ಬಂದ ನೂಲು ಬಂದದ್ದಾದರೂ ಎಲ್ಲಿಂದ? ಅಕ್ಕಪಕ್ಕದ ಕುಣಿಕೆಗಳಿಂದ. ಎರಡು ಸೆಂಟಿಮೀಟರ್ ಎತ್ತರದ ಕುಣಿಕೆ ಅಂದರೆ ಹೋಗಿ ಬರುವ ನೂಲು ಸೇರಿ ನಾಲ್ಕು ಸೆಂಟಿಮೀಟರ್. ಎಣಿಸಿ ನೋಡಿದೆ: ಎಡಕ್ಕೆ ಐದು ಕುಣಿಕೆ, ಬಲಕ್ಕೆ ಐದು ಬಿಗಿದಿದ್ದವು. ಈ ಸ್ವೆಟರಿನ ಒಂದು ಕುಣಿಕೆಗೆ ಸುಮಾರು 12 ಮಿಲಿಮೀಟರ್ ನೂಲು ಬೇಕು. ಹತ್ತಿರದ ಎರಡು ಸುಮಾರು ಆರಾರು ಮಿಲಿಮೀಟರ್ ಕಳೆದುಕೊಂಡು ಗಂಟಿನಂತಾಗಿದ್ದವು, ಮೂರನೆಯದು ನಾಲ್ಕು, ನಾಲ್ಕನೆಯದು ಮೂರು, ಐದನೆಯದು ಬರೇ ಒಂದು. ಒಂದು ಕಡೆಗೆ ಇಪ್ಪತ್ತು ಮಿಲಿಮೀಟರ್ ಆಯ್ತಲ್ಲ, ಎರಡೂ ಕಡೆ ಸೇರಿಸಿದರೆ ಲೆಕ್ಕ ಸರಿಹೋಯ್ತು.

ಆರನೆಯದಕ್ಕೆ ಯಾಕೆ ಏನೂ ಆಗಲಿಲ್ಲ ಅನ್ನೋದಕ್ಕೆ ಉತ್ತರ ನಮ್ಮ ಮೆಕ್ಯಾನಿಕ್ಸ್ ಪಠ್ಯದ ಬೆಲ್ಟ್ ಘರ್ಷಣೆಯ ಪಾಠದಲ್ಲೇ ಇದೆ: T1 = T2·e^(μθ). ಪ್ರತಿ ಕುಣಿಕೆಯಲ್ಲೂ ನೂಲು ಇನ್ನೊಂದು ನೂಲನ್ನು ಸುತ್ತಿ ಹೋಗುತ್ತದೆ. ಕಡಿಮೆ ಅಂದರೂ ಅರ್ಧ ಸುತ್ತು, ಅಂದರೆ θ = π ಅಂತ ಇಟ್ಟುಕೊಳ್ಳಿ, μ = 0.25 ಅಂತ ಹಿಡಿಯಿರಿ. ಒಂದು ಕುಣಿಕೆ ದಾಟುವಷ್ಟರಲ್ಲಿ ಎಳೆತ ಅರ್ಧಕ್ಕಿಂತ ಕಡಿಮೆ ಆಗುತ್ತದೆ, ಐದು ದಾಟಿದರೆ ಐವತ್ತರಲ್ಲಿ ಒಂದು ಪಾಲು ಉಳಿಯುತ್ತದೆ. ಬೇಲಿಯ ತಂತಿ ಎಷ್ಟೇ ಜಗ್ಗಿದರೂ ಅದರ ಕೈ ದೂರ ಹೋಗಲಿಲ್ಲ. ರಿಪೇರಿಯಲ್ಲೂ ಇದೇ ಸೂತ್ರ ಎದುರಾಗುತ್ತದೆ. ಹೊರಬಂದ ಕುಣಿಕೆಯನ್ನು ಬೆರಳಲ್ಲಿ ಒತ್ತಿದರೆ ನೂಲು ತಾನಾಗಿ ಐದು ಮನೆ ದಾಟಿ ವಾಪಸ್ ಹೋಗೋದಿಲ್ಲ. ಒಂದೊಂದೇ ಮನೆ ದಾಟಿಸಬೇಕು.

ನಾವು ಮಾಡಿದ್ದು ಹೀಗೆ. ಮೊದಲು ಫೋನಿನ ಕ್ಯಾಮೆರಾ ಜೂಮ್ ಮಾಡಿ, ಎಲ್ಲಾದರೂ ಕಡಿದ ತುದಿ ಇದೆಯಾ ಅಂತ ನೋಡಿದೆವು. ಕಡಿದಿದ್ದರೆ ಈ ದಾರಿಯೇ ಬೇರೆ: ಬಾಯಿ ತೆರೆದ ಕುಣಿಕೆಗೆ ತಕ್ಷಣ ಪಿನ್ ಹಾಕಿ, ಜಗ್ಗದೆ, ಬಲ್ಲವರ ಕೈಗೆ ಕೊಡಬೇಕು. ಕಡಿದಿರಲಿಲ್ಲ. ಸುಕ್ಕಿನ ಗೆರೆಯ ಎರಡು ತುದಿ ಹಿಡಿದು, ಅಡ್ಡಕ್ಕೆ ಮೆಲ್ಲಗೆ ನಾಲ್ಕೈದು ಸಲ ಹಿಗ್ಗಿಸಿದೆವು. ಬಿಗಿದ ಕುಣಿಕೆಗಳು ತಮ್ಮ ಪಾಲನ್ನು ಸ್ವಲ್ಪ ತಾವೇ ಎಳೆದುಕೊಂಡವು, ಎರಡು ಸೆಂಟಿಮೀಟರ್ ಇದ್ದದ್ದು ಸುಮಾರು ಒಂದೂವರೆಗೆ ಇಳಿಯಿತು. ಎಷ್ಟೋ ಸಲ ಸಣ್ಣ ಎಳೆಗೆ ಇಷ್ಟೇ ಸಾಕು.

ಆಮೇಲೆ ಸೂಜಿ. ಚೂಪು ತುದಿ ನೂಲನ್ನು ಸೀಳುತ್ತದೆ, ಅದಕ್ಕೇ ದಪ್ಪ ಸೂಜಿಯನ್ನು ತಿರುಗಿಸಿ ಕಣ್ಣಿನ ಕಡೆಯಿಂದ ಬಳಸಿದೆವು. ಹತ್ತಿರವೇ ಇರುವ ಮೊದಲ ಬಿಗಿದ ಕುಣಿಕೆಯ ಕಾಲಿನಡಿ ತೂರಿಸಿ ಮೆಲ್ಲಗೆ ಎತ್ತಬೇಕು. ಹೊರಗಿನ ನೂಲು ಅದರೊಳಗೆ ಸರಿದು ಬರುತ್ತದೆ, ಆ ಕುಣಿಕೆ ಡೊಳ್ಳಾಗುತ್ತದೆ. ಆಮೇಲೆ ಅದರ ಇನ್ನೊಂದು ಕಾಲು, ನಂತರ ಪಕ್ಕದ ಕುಣಿಕೆಯ ಕಾಲು. ಪ್ರತಿ ಸಲವೂ ಹಿಂದಿನದರಲ್ಲಿ ಅದರ ಪಾಲಿನಷ್ಟು ಬಿಟ್ಟು, ಉಳಿದದ್ದನ್ನು ಮುಂದೆ ದಾಟಿಸಬೇಕು. ಕಾಲುವೆ ನೀರನ್ನು ಮಡಿಯಿಂದ ಮಡಿಗೆ ತಿರುಗಿಸಿದ ಹಾಗೆ.

ನಾನು ಅವಸರಪಟ್ಟು ಪೂರಾ ನೂಲನ್ನು ಎಡಕ್ಕೇ ತಳ್ಳಿದೆ. ಐದನೆಯ ಕುಣಿಕೆ ಉಬ್ಬಿ ನಿಂತಿತು, ಬಲಗಡೆಯ ಸುಕ್ಕು ಹಾಗೇ ಉಳಿಯಿತು. ಕೊನೆಯ ಕುಣಿಕೆ ಉಬ್ಬಿದರೆ ಅದರ ಪಾಲಿಗಿಂತ ಜಾಸ್ತಿ ಕೊಟ್ಟಿದ್ದೀರಿ ಅಂತಲೇ ಅರ್ಥ. ಕಾಕು ಸೂಜಿ ಕಸಿದುಕೊಂಡರು. “ಎರಡೂ ಕಡೆ ಬಿಗದೈತಿ, ನೀ ಒಂದ ಕಡೆ ಯಾಕ ಸುರದಿ?” ಅಂತ ಅದೇ ದಾರಿಯಲ್ಲಿ ಹಿಂದಕ್ಕೆ ತಂದು, ಅರ್ಧವನ್ನು ಬಲಕ್ಕೆ ಹಂಚಿದರು. ಇಪ್ಪತ್ತು ನಿಮಿಷ ಹಿಡಿಯಿತು.

ಟೀ ಶರ್ಟಿಗೆ ಈ ಆಟ ನಡೆಯೋದು ಕಷ್ಟ. ಅಲ್ಲಿ ಒಂದು ಕುಣಿಕೆಗೆ ಮೂರು ಮಿಲಿಮೀಟರ್ ಆಸುಪಾಸು ನೂಲು, ಸೂಜಿಯೇ ಹಿಡಿಸೋದಿಲ್ಲ. ಅಡ್ಡಕ್ಕೆ ಹಿಗ್ಗಿಸಿ ಎಷ್ಟು ಹೋಗುತ್ತೋ ಅಷ್ಟು ಕಳಿಸಿ, ಉಳಿದದ್ದನ್ನು ಒಳಮೈಗೆ ದಾಟಿಸಬೇಕು. ತೆಳು ಸೂಜಿಗೆ ಹೊಲಿಗೆ ದಾರವನ್ನು ಮಡಚಿ ಪೋಣಿಸಿ, ಆ ಮಡಿಕೆಯಲ್ಲಿ ಎದ್ದ ಎಳೆಯನ್ನು ಸಿಕ್ಕಿಸಿ, ಎಳೆ ಹೊರಬಂದ ಜಾಗದಲ್ಲೇ ಸೂಜಿ ಇಳಿಸಿ ಹಿಂದಿನಿಂದ ಎಳೆದರೆ ಆಯ್ತು. ಇದರಿಂದ ಎಳೆ ಮರೆಯಾಗುತ್ತದೆ, ಆದರೆ ಸುಕ್ಕು ಪೂರ್ತಿ ಹೋಗೋದಿಲ್ಲ. ಒಳಗಿನ ಎಳೆ ಬೆರಳಿಗೋ ಉಂಗುರಕ್ಕೋ ಮತ್ತೆ ಸಿಕ್ಕಬಹುದು.

ಕೊನೆಗೆ ಸ್ವೆಟರನ್ನು ಒದ್ದೆ ಮಾಡಿ, ಟವೆಲ್ ಮೇಲೆ ಹಾಸಿ, ಕೈಯಲ್ಲಿ ಸವರಿ ಒಣಗಿಸಿದೆವು. ಇಸ್ತ್ರಿ ಹಾಕಲಿಲ್ಲ. ಅಪ್ಪನದು ಅಕ್ರಿಲಿಕ್, ಬಿಸಿಗೆ ಅದರ ಪುಟಿತ ಸತ್ತು ಜೋತುಬಿದ್ದರೆ ಮತ್ತೆ ಸರಿಹೋಗೋದಿಲ್ಲ. ಉಣ್ಣೆಯದಾದರೆ ದೂರದಿಂದ ಸ್ವಲ್ಪ ಹಬೆ ಕೊಡಬಹುದು.

ಜಾಲಿ ಮುಳ್ಳು, ಬಸ್ ಸೀಟಿನ ಎದ್ದ ತಗಡು, ಬ್ಯಾಗಿನ ವೆಲ್ಕ್ರೋ, ಮೈಮೇಲೆ ಹಾರುವ ಮುಧೋಳ ನಾಯಿಯ ಉಗುರು, ಎಲ್ಲವೂ ಮಾಡೋದು ಇದನ್ನೇ. ಸಿಕ್ಕಿಕೊಂಡ ಕ್ಷಣದಲ್ಲಿ ಎದ್ದಿರೋದು ಕೆಲವೇ ಮಿಲಿಮೀಟರ್ ಎಳೆ. ಉಳಿದದ್ದು ನಾವು ಮುಂದೆ ನಡೆದಾಗ ಬರುವಂಥದ್ದು. ಸಿಕ್ಕಿತು ಅನಿಸಿದ ಕೂಡಲೇ ಒಂದು ಹೆಜ್ಜೆ ಹಿಂದೆ, ಮುಳ್ಳಿನ ಕಡೆಗೇ ಸರಿದು ಬಿಡಿಸಿಕೊಳ್ಳಬೇಕು.

ಸಂಜೆ ಅಪ್ಪ ಸ್ವೆಟರ್ ಹಾಕಿಕೊಂಡರು, ಏನೂ ಗೊತ್ತಾಗಲಿಲ್ಲ. ಮೊದಲ ಕುಣಿಕೆ ಮಾತ್ರ ಈಗಲೂ ಕೊಂಚ ಬಿಗಿ ಇದೆ, ಎಲ್ಲಿದೆ ಅಂತ ಗೊತ್ತಿರೋದು ನನಗೆ ಮತ್ತು ಕಾಕುಗೆ.