ದೀಪಾವಳಿ ನವೆಂಬರಿಗೆ ಜಾರಿದ ವರ್ಷ

ಆಷಾಢದ ರಿಯಾಯಿತಿ ಬೋರ್ಡು ಬಾಗಿಲಲ್ಲಿ ತೂಗುತ್ತಿರುವಾಗಲೇ ಜವಳಿ ಅಂಗಡಿಯ ಯಜಮಾನರು ಒಳಗೆ ಕೂತು ದೀಪಾವಳಿಯ ಮಾಲಿಗೆ ಆರ್ಡರ್ ಬರೆಯುತ್ತಿರುತ್ತಾರೆ. ಹೆಚ್ಚು ತಂದರೆ ಸಂಕ್ರಾಂತಿ ಕಳೆದರೂ ದುಡ್ಡು ರ‍್ಯಾಕಿನಲ್ಲೇ ಮಲಗಿರುತ್ತದೆ. ಕಡಿಮೆ ತಂದರೆ ಗಿರಾಕಿ ಪಕ್ಕದ ಅಂಗಡಿಯ ಮೆಟ್ಟಿಲು ಹತ್ತುತ್ತಾರೆ. ಬಹುತೇಕರ ಸೂತ್ರ ಒಂದೇ: ಹೋದ ವರ್ಷದ ಲೆಕ್ಕದ ಮೇಲೆ ಹತ್ತು ಪರ್ಸೆಂಟ್. ಹೋದ ವರ್ಷ ಹಬ್ಬದ ವಾರವೇ ಜಡಿಮಳೆ ಹಿಡಿದು ವ್ಯಾಪಾರ ಕೆಟ್ಟಿದ್ದರೆ, ಆ ಮಳೆಗೂ ಹತ್ತು ಪರ್ಸೆಂಟ್ ಸೇರುತ್ತದೆ!

ಇದಕ್ಕಿಂತ ನೆಚ್ಚಬಹುದಾದ ಒಂದು ಲೆಕ್ಕವಿದೆ. ಅಮೆರಿಕದ ಕಾರ್ನೆಗಿ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿದ್ದ ಚಾರ್ಲ್ಸ್ ಹೋಲ್ಟ್ 1957ರಲ್ಲಿ ನೌಕಾಪಡೆಯ ಸಂಶೋಧನಾ ಕಚೇರಿಗಾಗಿ ಅದನ್ನು ಬರೆದರು. ಪೀಟರ್ ವಿಂಟರ್ಸ್ 1960ರಲ್ಲಿ ಅದನ್ನು ಮಾರಾಟದ ಅಂಕಿಗಳಿಗೆ ಹಚ್ಚಿ ಪ್ರಕಟಿಸಿದರು. ಹಾಗಾಗಿ ಹೆಸರು ಹೋಲ್ಟ್-ವಿಂಟರ್ಸ್. ಇದರ ಚೆಂದವೆಂದರೆ ಹಳೆಯ ಖಾತೆಪುಸ್ತಕವನ್ನೆಲ್ಲ ಹೊತ್ತು ತಿರುಗಬೇಕಿಲ್ಲ, 14 ಸಂಖ್ಯೆಗಳನ್ನು ನೆನಪಿಟ್ಟುಕೊಂಡರೆ ಸಾಕು. ಮೊದಲನೆಯದು ಮಟ್ಟ, ಅಂದರೆ ಹಬ್ಬ ಮದುವೆಗಳ ಏರಿಳಿತ ಕಳೆದ ಮೇಲೆ ಅಂಗಡಿಯ ಸಹಜ ತಿಂಗಳ ವ್ಯಾಪಾರ. ಎರಡನೆಯದು ಆ ಮಟ್ಟ ತಿಂಗಳಿಗೆ ಎಷ್ಟು ಏರುತ್ತಿದೆ ಎಂಬುದು. ಉಳಿದ 12, ತಿಂಗಳಿಗೊಂದರಂತೆ ಸೀಸನ್ ಗುಣಕಗಳು.

ಗುಣಕ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ತಿಂಗಳಿಗೆ 10 ಲಕ್ಷದ ವ್ಯಾಪಾರವಿದ್ದಾಗ ಹಬ್ಬ 5 ಲಕ್ಷ ಹೆಚ್ಚು ತಂದಿದ್ದರೆ, ಅಂಗಡಿ 20 ಲಕ್ಷಕ್ಕೆ ಬೆಳೆದ ಮೇಲೆ ಅದೇ ಹಬ್ಬ ಸುಮಾರು 10 ಲಕ್ಷ ತರುತ್ತದೆ. ಹಬ್ಬ ಕೂಡುವುದಿಲ್ಲ, ಗುಣಿಸುತ್ತದೆ. ನಿಮ್ಮ ಅಂಗಡಿಯಲ್ಲೂ ಹೀಗೆಯೇ ಎಂದು ತಿಳಿಯಲು ನಾಲ್ಕೈದು ವರ್ಷದ ಮಾರಾಟವನ್ನು ಗ್ರಾಫಿನಲ್ಲಿ ಬಿಡಿಸಿ ನೋಡಿ. ಗೆರೆ ಮೇಲೇರಿದಂತೆ ಹಬ್ಬದ ಕೋಡುಗಳೂ ಎತ್ತರವಾಗುತ್ತಿದ್ದರೆ ಗುಣಾಕಾರವೇ ಸರಿ.

ಒಂದು ಸೀರೆ ಅಂಗಡಿಯನ್ನು ಊಹಿಸಿಕೊಳ್ಳೋಣ. ಅಂಕಿಗಳು ಲೆಕ್ಕ ಸುಲಭವಾಗಲೆಂದು ನಾನೇ ಇಟ್ಟವು. ಸೆಪ್ಟೆಂಬರ್ ಕೊನೆಗೆ ಮಟ್ಟ 20 ಲಕ್ಷ, ತಿಂಗಳ ಏರಿಕೆ 20 ಸಾವಿರ, ಅಕ್ಟೋಬರಿನ ಗುಣಕ 1.5. ಹಾಗಾದರೆ ಅಕ್ಟೋಬರಿನ ಅಂದಾಜು 20.2 ಲಕ್ಷದ ಒಂದೂವರೆ ಪಟ್ಟು, 30.3 ಲಕ್ಷ. ತಿಂಗಳು ಮುಗಿದಾಗ ಗಲ್ಲಾಪೆಟ್ಟಿಗೆ 33 ಲಕ್ಷ ತೋರಿಸಿತು. ಈಗ 33ನ್ನು 1.5ರಿಂದ ಭಾಗಿಸಿ ಹಬ್ಬದ ಪ್ರಭಾವ ತೆಗೆದರೆ 22 ಲಕ್ಷ. ನಾವು ಅಂದುಕೊಂಡಿದ್ದ ಮಟ್ಟ 20.2. ಅಂಗಡಿ ನಿಜವಾಗಿ ಬೆಳೆಯಿತೋ, ಈ ಸಲದ ಅದೃಷ್ಟವೋ? ಹೋಲ್ಟ್-ವಿಂಟರ್ಸ್ ಎರಡನ್ನೂ ಅರ್ಧಂಬರ್ಧ ನಂಬುತ್ತದೆ. ಹೊಸ ಸುದ್ದಿಗೆ 0.3, ಹಳೆಯ ನಂಬಿಕೆಗೆ 0.7 ತೂಕ ಕೊಟ್ಟರೆ ಹೊಸ ಮಟ್ಟ 20.74 ಲಕ್ಷ. ಏರಿಕೆಯನ್ನೂ ಗುಣಕವನ್ನೂ ಹೀಗೆಯೇ ತಿದ್ದಬೇಕು, ಆದರೆ ಇನ್ನೂ ಹಗುರ ಕೈಯಲ್ಲಿ: ಏರಿಕೆಗೆ 0.1, ಗುಣಕಕ್ಕೆ 0.2. ಏರಿಕೆ ಸುಮಾರು 25 ಸಾವಿರವಾಗುತ್ತದೆ, ಅಕ್ಟೋಬರಿನ ಗುಣಕ 1.52. ಈ ಮೂರು ತೂಕಗಳನ್ನು ಮನಸ್ಸಿಗೆ ಬಂದಂತೆ ಇಡುವುದಲ್ಲ. ಹಳೆಯ ವರ್ಷಗಳ ಮೇಲೆ ಲೆಕ್ಕ ಓಡಿಸಿ, ಯಾವ ತೂಕದಲ್ಲಿ ಅಂದಾಜು ಅತಿ ಕಡಿಮೆ ತಪ್ಪುತ್ತದೋ ಅದನ್ನು ಕಂಪ್ಯೂಟರ್ ಹುಡುಕಿ ಕೊಡುತ್ತದೆ. ಶುರು ಮಾಡಲು ಕನಿಷ್ಠ ಎರಡು ವರ್ಷದ ತಿಂಗಳ ಲೆಕ್ಕ ಬೇಕು. ಮೂರಿದ್ದರೆ ಗುಣಕಗಳ ಮೇಲೆ ಭರವಸೆ ಬರುತ್ತದೆ.

ಇಲ್ಲಿಯವರೆಗೆ ಎಲ್ಲವೂ ಸಲೀಸು. ತೊಡಕು ಇರುವುದು ನಮ್ಮ ಪಂಚಾಂಗದಲ್ಲಿ. ಈ ಲೆಕ್ಕಕ್ಕೆ ಗೊತ್ತಿರುವುದು ಇಂಗ್ಲಿಷ್ ತಿಂಗಳು ಮಾತ್ರ. ನರಕ ಚತುರ್ದಶಿ 2022ರಲ್ಲಿ ಅಕ್ಟೋಬರ್ 24ಕ್ಕೆ ಬಂತು, 2023ರಲ್ಲಿ ನವೆಂಬರ್ 12ಕ್ಕೆ, 2024ರಲ್ಲಿ ಅಕ್ಟೋಬರ್ 31ಕ್ಕೆ, 2025ರಲ್ಲಿ ಅಕ್ಟೋಬರ್ 20ಕ್ಕೆ.

ನಮ್ಮ ಅಂಗಡಿಗೆ 2023ರಂಥ ವರ್ಷ ಬಂತೆನ್ನಿ. ಮಟ್ಟ 20 ಲಕ್ಷ, ಅಕ್ಟೋಬರ್ ಗುಣಕ 1.5, ನವೆಂಬರಿನದು 1.1. ಹಬ್ಬ ದೂರವಿದ್ದುದರಿಂದ ಅಕ್ಟೋಬರಿನಲ್ಲಿ ಆದದ್ದು 24 ಲಕ್ಷವಷ್ಟೇ. 24ನ್ನು 1.5ರಿಂದ ಭಾಗಿಸಿದ ಲೆಕ್ಕಕ್ಕೆ 16 ಲಕ್ಷ ಸಿಗುತ್ತದೆ. ಹಬ್ಬ ಮುಂದೆ ಹೋಗಿದೆ ಎಂದು ಅದಕ್ಕೆ ಗೊತ್ತಿಲ್ಲ, ಅಂಗಡಿಯೇ ಸೊರಗಿತು ಎಂದುಕೊಳ್ಳುತ್ತದೆ. ಮಟ್ಟವನ್ನು 18.94 ಲಕ್ಷಕ್ಕೆ ಇಳಿಸಿ, ಏರಿಕೆಯನ್ನು ಏಳು ಸಾವಿರದ ಆಸುಪಾಸಿಗೆ ತಗ್ಗಿಸಿ, ನವೆಂಬರಿಗೆ ಸುಮಾರು 20.9 ಲಕ್ಷ ಸಾಕೆನ್ನುತ್ತದೆ. ಬಂದ ಗಿರಾಕಿಗಳು ಕೊಂಡದ್ದು 29 ಲಕ್ಷದ್ದು. ಹಬ್ಬದ ಮುನ್ನಾದಿನ ಮಾಲಿಲ್ಲದೆ ಒದ್ದಾಡುವ ಪರಿಸ್ಥಿತಿ ಬರುವುದು ಹೀಗೆ.

ಕಥೆ ಅಲ್ಲಿಗೇ ನಿಲ್ಲುವುದಿಲ್ಲ. 29 ಲಕ್ಷ ನೋಡಿದ ಲೆಕ್ಕ ಈಗ ಹಿಗ್ಗಿ ಮಟ್ಟವನ್ನು 21.2 ಲಕ್ಷಕ್ಕೆ ಏರಿಸುತ್ತದೆ. ಅದು ಇರಬೇಕಾದದ್ದು 20.4ರ ಸುಮಾರಿಗೆ. ಡಿಸೆಂಬರಿನ ಅಂದಾಜು ಸುಮ್ಮನೆ ಉಬ್ಬುತ್ತದೆ. ಅಕ್ಟೋಬರ್ ಗುಣಕ 1.45ಕ್ಕೆ ಇಳಿದು ನವೆಂಬರಿನದು 1.15ಕ್ಕೆ ಏರುತ್ತದೆ, ಮರುವರ್ಷ ಹಬ್ಬ ಅಕ್ಟೋಬರಿಗೆ ಮರಳಿದಾಗ ಎರಡೂ ತಪ್ಪು.

ಈ ರೋಗವನ್ನು ಗುರುತಿಸುವುದು ಕಷ್ಟವಲ್ಲ. ಅಂದಾಜು ತಪ್ಪಿದ ತಿಂಗಳುಗಳನ್ನು ಒಂಟಿಯಾಗಿ ನೋಡದೆ ಜೋಡಿಯಾಗಿ ನೋಡಬೇಕು. ಸೆಪ್ಟೆಂಬರ್ ಕೊನೆಯಲ್ಲಿ ನಿಂತು ಎರಡೂ ತಿಂಗಳಿಗೆ ಕಟ್ಟಿದ್ದ ಅಂದಾಜು ಒಟ್ಟು 52.7 ಲಕ್ಷ, ಆದ ವ್ಯಾಪಾರ 53 ಲಕ್ಷ. ಅಂದರೆ ಅಂಗಡಿ ಸೊರಗಲೂ ಇಲ್ಲ, ಉಬ್ಬಲೂ ಇಲ್ಲ. ಒಂದು ತಿಂಗಳ ಕೊರತೆಯನ್ನು ಪಕ್ಕದ ತಿಂಗಳ ಹೆಚ್ಚಳ ಹೀಗೆ ತುಂಬಿಕೊಂಡಿದ್ದರೆ ಹಬ್ಬ ಜಾರಿದೆ ಎಂದೇ ಅರ್ಥ.

ಚೈತ್ರ ವೈಶಾಖದ ಲೆಕ್ಕದಲ್ಲೇ ಪುಸ್ತಕ ಬರೆದರಾಯಿತಲ್ಲ ಎಂದು ಕೇಳಬಹುದು. ನನಗದು ಒಪ್ಪಿಗೆಯಿಲ್ಲ. 2023ರಲ್ಲಿ ಅಧಿಕ ಶ್ರಾವಣ ಬಂದು ವರ್ಷಕ್ಕೆ 13 ತಿಂಗಳಾದವು. 12 ಗುಣಕಗಳ ಲೆಕ್ಕದಲ್ಲಿ ಅದಕ್ಕೆ ಜಾಗವಿಲ್ಲ. ಸಂಬಳ, ಶಾಲೆ ಶುರುವಾಗುವ ಸಮಯ, ಬೇಸಿಗೆ ರಜೆ ಎಲ್ಲ ಇಂಗ್ಲಿಷ್ ತಿಂಗಳನ್ನೇ ಹಿಡಿದು ನಡೆಯುತ್ತವೆ. ಹಬ್ಬದ ಹೆಚ್ಚುವರಿಯನ್ನು ಬೇರೆ ಇಡುವುದೇ ವಾಸಿ. ನರಕ ಚತುರ್ದಶಿಗೆ ಹಿಂದಿನ 20 ದಿನಗಳ ಬಿಲ್ ಪುಸ್ತಕ ತೆಗೆದು, ಮಾಮೂಲಿಗಿಂತ ಎಷ್ಟು ಹೆಚ್ಚು ಮಾರಾಟವಾಯಿತೆಂದು ನೋಡಿ, ಅದನ್ನು ಆಯಾ ತಿಂಗಳ ಮೊತ್ತದಿಂದ ಕಳೆಯಿರಿ. ಉಳಿದ ಅಂಕಿಗಳ ಮೇಲೆ ಹೋಲ್ಟ್-ವಿಂಟರ್ಸ್ ಓಡಿಸಿ. ಕಳೆದ ಹೆಚ್ಚುವರಿ ಮಟ್ಟದ ಎಷ್ಟು ಪಾಲು ಎಂದು ಬರೆದಿಟ್ಟುಕೊಂಡು, ಮುಂದಿನ ಹಬ್ಬ ಯಾವ ತಿಂಗಳಲ್ಲಿ ಬೀಳುತ್ತದೋ ಆ ತಿಂಗಳ ಅಂದಾಜಿಗೆ ಸೇರಿಸಿ. ಕೊನೆಯ ವಾರಕ್ಕೆ ಹೆಚ್ಚು ಪಾಲು ಕೊಡಿ, ಗಿರಾಕಿ ಬರುವುದು ಆಗಲೇ. ಮಾರ್ಚ್-ಏಪ್ರಿಲ್ ನಡುವೆ ಓಡಾಡುವ ಈಸ್ಟರಿಗಾಗಿ ಅಮೆರಿಕದ ಜನಗಣತಿ ಇಲಾಖೆಯೂ ತನ್ನ ಚಿಲ್ಲರೆ ಮಾರಾಟದ ಅಂಕಿಗಳಲ್ಲಿ ಇಂಥದ್ದೇ ತಿದ್ದುಪಡಿ ಮಾಡುತ್ತದೆ.

ಎಕ್ಸೆಲ್ ಬಳಸುವವರಿಗೆ ಒಂದು ಎಚ್ಚರಿಕೆ. ಅದರ `FORECAST.ETS` ಇದೇ ಕುಟುಂಬದ್ದಾದರೂ ಹಬ್ಬವನ್ನು ಗುಣಿಸುವುದಿಲ್ಲ, ಕೂಡುತ್ತದೆ. ಬೆಳೆಯುವ ಅಂಗಡಿಗೆ ಅದು ಹಬ್ಬದ ತಿಂಗಳಲ್ಲಿ ಕಡಿಮೆ ಹೇಳುವ ಸಂಭವವಿದೆ. ಮೊದಲು ಮಾರಾಟಕ್ಕೆ `LN` ಹಾಕಿ, ಬಂದ ಅಂದಾಜನ್ನು `EXP` ಮೂಲಕ ರೂಪಾಯಿಗೆ ತಿರುಗಿಸಿದರೆ ಕೂಡುವುದು ಗುಣಿಸುವುದಾಗುತ್ತದೆ. ಆಗ ಏರಿಕೆಯೂ ಶೇಕಡಾವಾರು ಆಗುವುದರಿಂದ ಬಹಳ ತಿಂಗಳು ಮುಂದಕ್ಕೆ ಎಳೆಯಬೇಡಿ.

2026ರ ನರಕ ಚತುರ್ದಶಿ ನವೆಂಬರ್ 8ಕ್ಕೆ. ಹಿಂದಿನ 20 ದಿನಗಳಲ್ಲಿ 13 ಅಕ್ಟೋಬರಿಗೆ ಸೇರುತ್ತವೆ, ಗಿರಾಕಿ ಮುಗಿಬೀಳುವ ಕೊನೆಯ 7 ನವೆಂಬರಿಗೆ.