ನಾಲ್ಕೂವರೆಗೆ ಎದ್ದ ಗೆರೆ

ತಾಲ್ಲೂಕು ಕೇಂದ್ರವೊಂದರ ಪತ್ತಿನ ಸಹಕಾರ ಸಂಘ. ಎಂಟು ಶಾಖೆಗಳಿಗೂ ಒಂದೇ ಸರ್ವರ್: ನಾಲ್ಕು ಕೋರ್, 16 ಜಿಬಿ ಮೆಮೊರಿ. ಬೆಳಿಗ್ಗೆ ಹತ್ತಕ್ಕೆ ಕೌಂಟರ್ ತೆರೆಯುತ್ತಿದ್ದಂತೆ ಕಂಪ್ಯೂಟರುಗಳೆಲ್ಲ ತೆವಳತೊಡಗುತ್ತವೆ. ಪಾಸ್‌ಬುಕ್ ಹಿಡಿದು ನಿಂತವರು ಗೊಣಗುತ್ತಾರೆ. ಹತ್ತು ನಿಮಿಷ ಕಳೆದರೆ ಏನೂ ಆಗಿಲ್ಲವೆಂಬಂತೆ ಎಲ್ಲ ಸರಿ.

ಸರ್ವರ್ ನೋಡಿಕೊಳ್ಳುವ ಹುಡುಗನಿಗೆ ಕಾರ್ಯದರ್ಶಿಗಳು ಫೋನ್ ಮಾಡಿದರು. ವಾಟ್ಸಾಪಿಗೆ ಎರಡು ಸ್ಕ್ರೀನ್‌ಶಾಟ್ ಬಂದವು, ಒಂದು ವಾರದ ಸಿಪಿಯು ಗ್ರಾಫ್ ಮತ್ತು ಮೆಮೊರಿ ಗ್ರಾಫ್. ಕೆಳಗೊಂದು ಸಾಲು: "ಸರ್, ಸಿಪಿಯು 45 ಪರ್ಸೆಂಟ್ ದಾಟಿಲ್ಲ, ಅದು ಓಕೆ. ಮೆಮೊರಿ 94 ಪರ್ಸೆಂಟ್ ಫುಲ್. ರ‍್ಯಾಮ್ ಡಬಲ್ ಮಾಡಿಸಿಬಿಡಿ." ಕೊಟೇಶನ್ನೂ ಜೊತೆಗೇ ಇತ್ತು.

ಇಂಥ ಸಂದೇಶ ದಿನಕ್ಕೆ ಎಷ್ಟು ಕಚೇರಿಗಳಿಗೆ ಹೋಗುತ್ತದೋ! ಈ ಪ್ರಸಂಗದಲ್ಲಿ ಮಾತ್ರ ಆತ ಓದಿದ್ದು ಎರಡೂ ತಪ್ಪು. ತುಂಬಿದೆ ಎಂದದ್ದು ತುಂಬಿರಲಿಲ್ಲ, ಓಕೆ ಎಂದದ್ದು ಓಕೆ ಇರಲಿಲ್ಲ.

ಮೆಮೊರಿಯಿಂದ ಶುರು ಮಾಡೋಣ. ಲಿನಕ್ಸ್ ಸರ್ವರ್ ಒಮ್ಮೆ ಡಿಸ್ಕಿನಿಂದ ಓದಿದ ಕಡತವನ್ನು ತಕ್ಷಣ ಮರೆಯುವುದಿಲ್ಲ. ಖಾಲಿ ಇರುವ ಮೆಮೊರಿಯಲ್ಲಿ ಅದನ್ನು ಇಟ್ಟುಕೊಂಡಿರುತ್ತದೆ, ಮತ್ತೆ ಕೇಳಿದರೆ ಡಿಸ್ಕಿಗೆ ಹೋಗದೆ ಕೊಡಬಹುದೆಂದು. ಅನುಭವಿ ಗುಮಾಸ್ತರು ದಿನಾ ಬೇಕಾಗುವ ಲೆಡ್ಜರುಗಳನ್ನು ಬೀರುವಿಗೆ ಸೇರಿಸದೆ ಮೇಜಿನ ಮೇಲೇ ಇಟ್ಟುಕೊಳ್ಳುವ ಹಾಗೆ. ಮೇಜು ತುಂಬಿದಂತೆ ಕಾಣುತ್ತದೆ, ನಿಜ. ಆದರೆ ಬೇರೆ ಕೆಲಸಕ್ಕೆ ಜಾಗ ಬೇಕೆಂದರೆ ಆ ಲೆಡ್ಜರುಗಳನ್ನು ಸರಿಸಲು ಒಂದು ಗಳಿಗೆ ಸಾಕು. ಗ್ರಾಫ್ ಬರೆಯುವ ಹಲವು ಸಾಧನಗಳು ಇದನ್ನೂ 'ಬಳಕೆ'ಯ ಲೆಕ್ಕಕ್ಕೇ ಸೇರಿಸಿಬಿಡುತ್ತವೆ. ಸರ್ವರಿನಲ್ಲಿ `free -h` ಎಂದು ಕೊಟ್ಟಾಗ ಸಿಕ್ಕ ಚಿತ್ರ ಇದು:

```
       total   used   free  shared  buff/cache  available
Mem:    15Gi  5.1Gi  920Mi   110Mi       9.3Gi      9.8Gi
Swap:  2.0Gi     0B  2.0Gi
```

ನೋಡಬೇಕಾದದ್ದು ಕೊನೆಯ ಅಂಕಣ `available`. ಹೊಸ ಪ್ರೋಗ್ರಾಂ ಬಂದರೆ ಎಷ್ಟು ಜಾಗ ಬಿಟ್ಟುಕೊಡಬಹುದೆಂದು ಲಿನಕ್ಸೇ ಹಾಕುವ ಅಂದಾಜು ಅದು. ಇಲ್ಲಿ ಸುಮಾರು 10 ಜಿಬಿ ಸಿಗುವಂತಿದೆ. ಸ್ವಾಪ್ ಎಂಬ ಡಿಸ್ಕಿನ ಮೇಲಿನ ತಾತ್ಕಾಲಿಕ ಜಾಗವನ್ನು ಸರ್ವರ್ ಮುಟ್ಟಿಯೇ ಇಲ್ಲ.

ಮೆಮೊರಿ ನಿಜಕ್ಕೂ ಸಾಲದಿದ್ದರೆ ಗುರುತುಗಳು ಬೇರೆ. `vmstat 5` ಓಡಿಸಿದಾಗ `si`, `so` ಅಂಕಣಗಳಲ್ಲಿ ಸೊನ್ನೆಯ ಬದಲು ಅಂಕಿಗಳು ಬಿಡದೆ ಬರುತ್ತಿರುತ್ತವೆ, ಅಂದರೆ ಮೆಮೊರಿಗೂ ಡಿಸ್ಕಿಗೂ ನಡುವೆ ಓಡಾಟ ಹತ್ತಿದೆ ಎಂದರ್ಥ. ಕೈಮೀರಿದರೆ ಲಿನಕ್ಸ್ ಯಾವುದೋ ಒಂದು ಪ್ರೋಗ್ರಾಮನ್ನು ಕೊಂದು, `Out of memory` ಎಂದು ದಾಖಲೆಯಲ್ಲಿ ಬರೆದಿಡುತ್ತದೆ. ವಾರದ ಗ್ರಾಫಿನಲ್ಲಿ ಇನ್ನೊಂದು ಆಕಾರವೂ ಕಾಣಬಹುದು. ಪ್ರೋಗ್ರಾಂಗಳೇ ಬಳಸುವ ಮೆಮೊರಿ ಸೋಮವಾರದಿಂದ ಶನಿವಾರದವರೆಗೆ ರಾತ್ರಿಯೂ ಇಳಿಯದೆ ಮೆಟ್ಟಿಲು ಹತ್ತುತ್ತಾ ಹೋಗಿ, ಸರ್ವರ್ ರೀಸ್ಟಾರ್ಟ್ ಮಾಡಿದಾಗ ಧೊಪ್ಪನೆ ಬೀಳುವುದು. ಸಾಮಾನ್ಯವಾಗಿ ಅದು ಪ್ರೋಗ್ರಾಮಿನ ಸೋರಿಕೆ. ಅದಕ್ಕೆ ರ‍್ಯಾಮ್ ಹಾಕಿಸಿದರೆ ವಾರಕ್ಕೊಮ್ಮೆ ಬೀಳುವುದು ಎರಡು ವಾರಕ್ಕೊಮ್ಮೆ ಬೀಳುತ್ತದೆ, ಅಷ್ಟೇ.

ಇನ್ನು ಸಿಪಿಯು. 45 ಪರ್ಸೆಂಟ್ ಎಂಬ ಅಂಕಿ ಸುಳ್ಳಲ್ಲ, ಸರಾಸರಿ. 1990ರ ದಶಕದಲ್ಲಿ ಟೋಬಿಯಾಸ್ ಓಟಿಕರ್ ರೂಪಿಸಿದ ಎಂಆರ್‌ಟಿಜಿ ಎಂಬ ಸಾಧನದ ಕಾಲದಿಂದಲೂ ಒಂದು ಪದ್ಧತಿಯಿದೆ: ದಿನದ ಗ್ರಾಫಿನಲ್ಲಿ ಐದು ನಿಮಿಷಕ್ಕೊಂದು ಚುಕ್ಕೆ, ವಾರದ ಗ್ರಾಫಿನಲ್ಲಿ ಮೂವತ್ತು ನಿಮಿಷದ ಸರಾಸರಿಗೆ ಒಂದು ಚುಕ್ಕೆ. ದಾಖಲೆಯ ಕಡತ ಬೆಳೆಯುತ್ತಾ ಹೋಗದಿರಲೆಂದು ಮಾಡಿದ ಉಪಾಯ. ಇವತ್ತಿನ ಸಾಧನಗಳೂ ಒಂದು ವಾರವನ್ನು ಪರದೆಯಗಲಕ್ಕೆ ಹಿಡಿಸಲು ಇಂಥದೇ ಏನನ್ನಾದರೂ ಮಾಡುತ್ತವೆ.

ಕಾರ್ಯದರ್ಶಿಗಳು ಸೋಮವಾರ ಒಂದೇ ದಿನದ ಗ್ರಾಫ್ ಕಳಿಸಲು ಹೇಳಿದರು. ನಿಧಾನವಾಗುವ ಆ ಅರ್ಧ ಗಂಟೆಯ ಆರು ಚುಕ್ಕೆಗಳು ಹೀಗಿದ್ದವು: 100, 98, 24, 18, 16, 14. ಕೂಡಿದರೆ 270, ಆರರಿಂದ ಭಾಗಿಸಿದರೆ 45. ಕೌಂಟರಿನ ಮುಂದೆ ಜನ ಗೊಣಗಿದ ಹತ್ತು ನಿಮಿಷ ಪೂರ್ತಿ ಸಿಪಿಯು ಉಸಿರು ಬಿಡಲೂ ಪುರುಸೊತ್ತಿಲ್ಲದೆ ದುಡಿದಿತ್ತು. ವಾರದ ಚಿತ್ರ ಅದನ್ನು ಉಳಿದ ಇಪ್ಪತ್ತು ನಿಮಿಷದ ಬಿಡುವಿನೊಳಗೆ ಕರಗಿಸಿಬಿಟ್ಟಿತ್ತು.

ಹಾಗಾದರೆ ರ‍್ಯಾಮ್ ಬೇಡ, ಕೋರ್ ಹೆಚ್ಚಿಸಿ ಎನ್ನಬಹುದೆ? ಇಲ್ಲೇ ವಾರದ ಗ್ರಾಫ್ ಮತ್ತೆ ಕೆಲಸಕ್ಕೆ ಬಂತು. ಎತ್ತರಕ್ಕೆ ಅದನ್ನು ನಂಬುವಂತಿಲ್ಲ, ಆದರೆ ಏಳು ದಿನಗಳನ್ನು ಅಕ್ಕಪಕ್ಕ ಇಟ್ಟು ನೋಡಲು ಅದರಷ್ಟು ಅನುಕೂಲದ್ದು ಇನ್ನೊಂದಿಲ್ಲ. ಭಾನುವಾರವೂ ಅದೇ ಹೊತ್ತಿಗೆ ಒಂದು ಮೊನೆ ಎದ್ದಿತ್ತು, 33ರವರೆಗೆ. ಭಾನುವಾರ ಎಂಟೂ ಶಾಖೆಗೆ ಬೀಗ. ಅಂದಮೇಲೆ ಅದು ಗ್ರಾಹಕರ ಹೊರೆಯಲ್ಲ, ಯಂತ್ರ ತಾನಾಗಿ ಮಾಡುವ ಯಾವುದೋ ಕೆಲಸ.

ಇನ್ನೊಂದು ಸುಳಿವು ಎಲ್ಲರ ಕಣ್ಣೆದುರೇ ಇತ್ತು. ಗ್ರಾಫಿನ ಕೆಳಗಿನ ಗಂಟೆಗಳ ಪ್ರಕಾರ ಆ ಮೊನೆ ಏಳುವುದು 04:30ಕ್ಕೆ. ಅದಕ್ಕೇ ಹುಡುಗ ಅದನ್ನು ಗಣನೆಗೆ ತೆಗೆದುಕೊಂಡಿರಲಿಲ್ಲ. ಬೆಳಗಿನ ಜಾವದ ಬ್ಯಾಕಪ್, ಯಾರಿಗೇನು ತೊಂದರೆ? ಆದರೆ ಉಳಿದ ಆರು ದಿನ ಶಾಖೆಗಳ ವಹಿವಾಟಿನ ದಿಬ್ಬವೂ 04:30ಕ್ಕೇ ಶುರುವಾಗಿ 11:30ಕ್ಕೆ ಮುಗಿಯುತ್ತಿತ್ತು. ಯಾವ ಸಹಕಾರ ಸಂಘ ಕೋಳಿ ಕೂಗುವ ಮುಂಚೆ ಕೌಂಟರ್ ತೆರೆಯುತ್ತದೆ? ಸರ್ವರಿನ ಗಡಿಯಾರ ಭಾರತದ ಸಮಯದಲ್ಲಿರದೆ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿತ್ತು. ನಮಗಿಂತ ಐದೂವರೆ ಗಂಟೆ ಹಿಂದೆ. ಅದರ ನಾಲ್ಕೂವರೆ ಎಂದರೆ ನಮ್ಮ ಹತ್ತು ಗಂಟೆ.

`crontab -l` ಕೊಟ್ಟು ನೋಡಿದರೆ ಬ್ಯಾಕಪ್ಪಿನ ಸಾಲು ಸಿಕ್ಕಿತು:

```
30 4 * * * /opt/backup/run.sh
```

ಯಾರೋ ಒಳ್ಳೆಯ ಮನಸ್ಸಿನಿಂದಲೇ ನಸುಕಿನ ವೇಳೆ ಆರಿಸಿದ್ದರು. ಅದು ನಾಲ್ಕೂ ಕೋರ್ ಬಳಸಿ ದತ್ತಾಂಶವನ್ನು ಕುಗ್ಗಿಸುವ ಕೆಲಸ. ದಿನವೂ ಸರಿಯಾಗಿ ಕೌಂಟರ್ ತೆರೆಯುವ ಗಳಿಗೆಗೆ ಓಡುತ್ತಿತ್ತು. ಗಡಿಯಾರವನ್ನೇ ಬದಲಿಸಿದರೆ ಹಳೆಯ ವಹಿವಾಟುಗಳ ಸಮಯ ಏರುಪೇರಾದೀತೆಂಬ ಅಂಜಿಕೆಯಿಂದ ಆ ಸಾಲನ್ನು ಮಾತ್ರ `0 20 * * *` ಎಂದು ತಿದ್ದಿದರು, ಅಂದರೆ ನಮ್ಮ ರಾತ್ರಿ ಒಂದೂವರೆ. ಮುಂದಿನ ವಾರದ ಐದು ನಿಮಿಷದ ಚುಕ್ಕೆಗಳಲ್ಲಿ ಹಗಲಿನದ್ದು ಯಾವುದೂ 30 ದಾಟಲಿಲ್ಲ.

ಹಾಗೆಂದು ಸರ್ವರ್ ಯಾವತ್ತೂ ಚಿಕ್ಕದಾಗುವುದಿಲ್ಲ ಎಂದಲ್ಲ. ಬ್ಯಾಕಪ್ಪಿನಂಥ ನೆಪಗಳನ್ನೆಲ್ಲ ತೆಗೆದ ಮೇಲೂ ಕೆಲಸದ ವೇಳೆಯ ಐದು ನಿಮಿಷದ ಅಂಕಿ 70, 80ರ ಆಸುಪಾಸಿನಲ್ಲೇ ತಾಸುಗಟ್ಟಲೆ ನಿಂತರೆ ದುಡ್ಡು ಬಿಚ್ಚುವುದೇ ಸರಿ. ನೂರಾಗುವವರೆಗೆ ಕಾಯಬಾರದು. ಕಾರಣ ಸರದಿಯ ಲೆಕ್ಕದಲ್ಲಿದೆ. ಗ್ರಾಹಕರು ಹೊತ್ತುಗೊತ್ತಿಲ್ಲದೆ ಬರುವ ಒಂದೇ ಕೌಂಟರಿನಲ್ಲಿ ಗುಮಾಸ್ತರು ಅರ್ಧ ಹೊತ್ತು ಕೆಲಸದಲ್ಲಿದ್ದರೆ ಒಬ್ಬರ ಕೆಲಸ ಮುಗಿಯಲು ಸರಾಸರಿ ಎರಡು ಪಟ್ಟು ಸಮಯ ಹಿಡಿಯುತ್ತದೆ. 80 ಪರ್ಸೆಂಟ್ ಆದರೆ ಐದು ಪಟ್ಟು, 90 ಆದರೆ ಹತ್ತು ಪಟ್ಟು. ಕೋರ್ ನಾಲ್ಕಿದ್ದರೆ ಏಟು ಸ್ವಲ್ಪ ಮೆತ್ತಗೆ ಬೀಳುತ್ತದೆ, ಆದರೆ ಗೆರೆ ಬಾಗುವ ರೀತಿ ಅದೇ.

ಗ್ರಾಫ್ 25ರಲ್ಲಿ ಹಲಗೆಯಂತೆ ಸಪಾಟಾಗಿ ನಿಂತಿದ್ದರೂ ಅನುಮಾನಪಡಬೇಕು. ನಾಲ್ಕು ಕೋರಿನ ಯಂತ್ರದಲ್ಲಿ ಒಂದೇ ಕೋರ್ ಪೂರ್ತಿ ದುಡಿದು ಉಳಿದ ಮೂರು ಕೈಕಟ್ಟಿ ಕೂತರೆ ಒಟ್ಟು ಅಂಕಿ ಬರುವುದು 25. `top` ಓಡಿಸಿ 1 ಒತ್ತಿದರೆ ಕೋರ್‌ಗಳು ಬಿಡಿಬಿಡಿಯಾಗಿ ಕಾಣುತ್ತವೆ. ಹಾಗಿದ್ದಲ್ಲಿ ಎಂಟು ಕೋರ್ ಹಾಕಿಸಿದರೆ ಏಳು ಕೈಕಟ್ಟಿ ಕೂರುತ್ತವೆ.

ಸಂಘದ ರ‍್ಯಾಮ್ ಕೊಟೇಶನ್ ಸದ್ಯ ಕಡತದಲ್ಲೇ ಇದೆ. ಈಗ ನೋಡಿದ್ದು ಸಾಧಾರಣ ವಾರ. ಲೆಕ್ಕಪತ್ರ ಮುಗಿಸುವ, ಬಡ್ಡಿ ಜಮೆ ಮಾಡುವ ಮಾರ್ಚ್ ಕೊನೆಯ ವಾರ ಅದರಲ್ಲಿಲ್ಲ. ಆ ವಾರ ಪ್ರತಿ ದಿನದ ಐದು ನಿಮಿಷದ ಗ್ರಾಫನ್ನು ಬೇರೆಬೇರೆಯಾಗಿ ತೆಗೆದಿಡಲು, ಮೆಮೊರಿಗೆ `available` ಅಂಕಣವನ್ನೇ ಬರೆದಿಡಲು ಕಾರ್ಯದರ್ಶಿಗಳು ಹುಡುಗನಿಗೆ ಹೇಳಿದ್ದಾರೆ. ಕೊಳ್ಳುವ ಮಾತು ಏಪ್ರಿಲಿನಲ್ಲಿ.