ಲೋಗೋದ ಕೆಂಪು ಎಲ್ಲಿ ಕೂರಬೇಕು?

ಮಾರಾಟ ಕುಸಿದ ತಿಂಗಳು ಎದ್ದು ಕಾಣಲಿ ಎಂದು ಆ ಒಂದು ಕಂಬಕ್ಕೆ ಕೆಂಪು ಬಳಿದಿದ್ದರು. ಆದರೂ ಸಭೆಯಲ್ಲಿ ಯಾರ ಕಣ್ಣೂ ಅದರ ಮೇಲೆ ನಿಲ್ಲಲಿಲ್ಲ. ಆ ಕಾಫಿಪುಡಿ ಕಂಪನಿಯ ಲೋಗೋವೇ ಇಟ್ಟಿಗೆಗೆಂಪು. ಸ್ಲೈಡಿನ ತಲೆಬರಹ ಕೆಂಪು, ಅಂಚಿನ ಪಟ್ಟಿ ಕೆಂಪು, ಉಳಿದ ಹನ್ನೊಂದು ಕಂಬಗಳೂ ಅದೇ ಕೆಂಪಿನ ಛಾಯೆ. ಎಲ್ಲವೂ ಕೂಗುತ್ತಿರುವಾಗ ಎಚ್ಚರಿಕೆಯ ದನಿ ಯಾರಿಗೆ ಕೇಳೀತು? ಅವರಿಗಾಗಿ ಹೊಸ ಬಣ್ಣಗಳ ಗುಂಪು ಕಟ್ಟುವಾಗ ನಾನು ಮೊದಲು ಯೋಚಿಸಿದ್ದು ಇದನ್ನೇ.

ಶುರುವಿನಲ್ಲೇ ಒಂದು ತೊಡಕು ಎದುರಾಯಿತು. ವಾಟ್ಸಾಪಿನಲ್ಲಿ ಬಂದ ಲೋಗೋದ ಮೇಲೆ ಐಡ್ರಾಪರ್ ಇಟ್ಟರೆ ಒಂದೊಂದು ಕಡೆ ಒಂದೊಂದು ಕೆಂಪು ಸಿಗುತ್ತಿತ್ತು. ಚಿತ್ರವನ್ನು ಕುಗ್ಗಿಸಿ ಕಳಿಸಿದಾಗ ಬಣ್ಣ ಅಲ್ಲಲ್ಲಿ ಕದಡುತ್ತದೆ, ಅಕ್ಷರದ ಅಂಚಿನಲ್ಲಂತೂ ಹಿನ್ನೆಲೆಯ ಬಿಳಿಯೊಂದಿಗೆ ಬೆರೆತೇ ಹೋಗುತ್ತದೆ. ಲೋಗೋ ಬಿಡಿಸಿದವರಿಂದ ಮೂಲ ಪಿಡಿಎಫ್ ತರಿಸಿಕೊಂಡ ಮೇಲೆ ಸರಿಯಾದ ಸಂಕೇತಗಳು ಸಿಕ್ಕವು: ಕೆಂಪು `#B3261E`, ಹಳದಿ `#F2B233`.

ಪವರ್‌ಪಾಯಿಂಟ್ ಥೀಮಿನಲ್ಲಿ ಬಣ್ಣಕ್ಕೆ ಹನ್ನೆರಡು ಜಾಗಗಳಿವೆ. ನಾಲ್ಕು ಅಕ್ಷರ ಮತ್ತು ಹಿನ್ನೆಲೆಗೆ, ಆರು ಒತ್ತುಬಣ್ಣಗಳಿಗೆ, ಎರಡು ಲಿಂಕ್‌ಗಳಿಗೆ. ಹೊಸ ಆಕೃತಿ ಬಿಡಿಸಿದರೂ ಚಾರ್ಟ್ ಹಾಕಿದರೂ ತಂತ್ರಾಂಶ ತಾನಾಗಿ ಮೊದಲು ಕೈಹಾಕುವುದು `Accent 1`ಕ್ಕೆ. ಲೋಗೋದ ಮುಖ್ಯ ಬಣ್ಣ ತಾನೇ ಎಂದು ಕೆಂಪನ್ನು ಅಲ್ಲಿ ಕೂರಿಸಿದರೆ ಯಾರೂ ಕೇಳದಿದ್ದರೂ ಪ್ರತಿ ಕಂಬ ಕೆಂಪಾಗುತ್ತದೆ. ಹಳೆಯ ಸ್ಲೈಡುಗಳಲ್ಲಿ ಆಗಿದ್ದದ್ದು ಇದೇ. ನಾನು ಕೆಂಪನ್ನು `Accent 6`ಕ್ಕೆ ಕಳಿಸಿದೆ. ಚಾರ್ಟಿನಲ್ಲಿ ಆರು ಸಾಲು ಅಂಕಿಗಳಿದ್ದರೆ ಮಾತ್ರ ಅದು ತಾನಾಗಿ ಬರುತ್ತದೆ. ಉಳಿದಂತೆ ಬೇಕೆಂದೇ ಆರಿಸಬೇಕು. ಮೊದಲ ಸ್ಲೈಡಿನ ತುಂಬಾ ಕೆಂಪು ಇರಲಿ, ಅದು ಕಂಪನಿಯ ಮುಖ. ಒಳಗಿನ ಸ್ಲೈಡುಗಳಲ್ಲಿ ಮಾತ್ರ ಅದಕ್ಕೆ ಒಂದೇ ಅರ್ಥ: ಇಲ್ಲಿ ನೋಡಿ, ಏನೋ ಸರಿಯಿಲ್ಲ. ಎಚ್ಚರಿಕೆಗೆ ಕಿತ್ತಳೆ ಬಳಸಬಾರದೇ ಎಂದು ಮಾಲೀಕರು ಕೇಳಿದರು. ಬಳಸಿ ನೋಡಿದೆವು. ಪ್ರೊಜೆಕ್ಟರಿನ ತೆಳು ಬೆಳಕಿನಲ್ಲಿ ಕಿತ್ತಳೆಯೂ ಇಟ್ಟಿಗೆಗೆಂಪೂ ಒಂದೇ ಆಗಿಬಿಟ್ಟವು.

ಹಾಗಾದರೆ ಮೊದಲ ಜಾಗಕ್ಕೆ ಯಾವುದು? ಬಣ್ಣಚಕ್ರದಲ್ಲಿ ಕೆಂಪಿಗೆ ಎದುರು ಬರುವ ಹಸಿರುನೀಲಿ. ಮೊದಲು ಆರಿಸಿದ ಗಾಢ ಛಾಯೆ `#1F6F78` ಪರದೆಯ ಮೇಲೆ ಕೆಂಪಿನ ಪಕ್ಕದಲ್ಲಿ ಚೆನ್ನಾಗಿಯೇ ಒಪ್ಪಿತು. ಆದರೆ ಕಪ್ಪು-ಬಿಳುಪಿನಲ್ಲಿ ಪ್ರಿಂಟ್ ತೆಗೆದರೆ ಎರಡೂ ಒಂದೇ ಬೂದು! ಎರಡು ಬಣ್ಣಗಳ ಬೆಳಕಿನ ಅಂತರವನ್ನು ಅಳೆಯಲು ಒಂದು ಅನುಪಾತವಿದೆ. ಬಿಳಿಯ ಮೇಲೆ ಕಪ್ಪಿಗೆ ಅದು 21, ಅಂತರವೇ ಇಲ್ಲದಿದ್ದರೆ 1. ನಮ್ಮ ಜೋಡಿಗೆ ಬಂದದ್ದು ಬರೀ 1.1. ಕಣ್ಣಿಗೆ ಬೇರೆ ಅನ್ನಿಸಿದ್ದು ಬಣ್ಣದ ಜಾತಿಯಿಂದಲೇ ಹೊರತು ಬೆಳಕಿನಿಂದ ಅಲ್ಲ. ಕೆಂಪು-ಹಸಿರಿನ ಭೇದ ಸರಿಯಾಗಿ ಕಾಣದವರಿಗೂ ಇಂಥ ಜೋಡಿ ಕಷ್ಟವೇ. ಹಸಿರುನೀಲಿಯನ್ನು `#4A959D`ಗೆ ತಿಳಿಗೊಳಿಸಿದಾಗ ಅಂತರ 1.9ಕ್ಕೆ ಏರಿತು, ಬಿಳಿ ಹಿನ್ನೆಲೆಯ ಎದುರು 3.5 ಉಳಿಯಿತು. ಕಂಬ, ಗೆರೆಗಳಿಗೆ 3 ಇದ್ದರೆ ಸಾಕು. ಸಣ್ಣ ಅಕ್ಷರಕ್ಕೆ 4.5 ಬೇಕು. ಹಾಗಾಗಿ ಕಂಬದೊಳಗೆ ಬಿಳಿ ಅಂಕಿ ಬರೆಯುವುದನ್ನು ಬಿಟ್ಟು ಮೇಲೆ ಬರೆದೆವು.

ಹಳದಿಯ ಮೇಲೆ ಬಿಳಿ ಅಕ್ಷರ ಬರೆಯುವ ಆಸೆ ಎಲ್ಲರಿಗೂ ಇರುತ್ತದೆ. ಅಲ್ಲಿ ಅಂತರ 1.9 ಮಾತ್ರ, ಹಿಂದಿನ ಸಾಲಿನಲ್ಲಿ ಕೂತವರಿಗೆ ಏನೂ ಕಾಣದು. ಅದೇ ಹಳದಿಯ ಮೇಲೆ ಕಡುಬಣ್ಣದ ಅಕ್ಷರವಿಟ್ಟರೆ 8.

ಆ ಕಡುಬಣ್ಣವೂ ಅಚ್ಚ ಕಪ್ಪಲ್ಲ. ತಟಸ್ಥ ಬಣ್ಣಗಳಿಗೆ ಲೋಗೋದ ಕೆಂಪಿನ ಒಂದು ಚಿಟಿಕೆ ಬೆರೆಸುವುದು ನನಗೆ ಇಷ್ಟ. ಅಕ್ಷರಕ್ಕೆ `#2B2523`, ಹಿನ್ನೆಲೆಗೆ ಬಿಳಿ ಮತ್ತು `#F6F3F1`, ಅಕ್ಷದ ಗೆರೆಗಳಿಗೆ ನಡುಬೂದು `#8C8481`. ಬಿಡಿಯಾಗಿ ನೋಡಿದರೆ ಬೂದುಬಣ್ಣ ಅಷ್ಟೇ. ಲೋಗೋ ಪಕ್ಕದಲ್ಲಿಟ್ಟಾಗ ಒಂದೇ ಮನೆಯವು ಅನ್ನಿಸುತ್ತವೆ. ತಿಳಿ, ಗಾಢ ಛಾಯೆಗಳನ್ನು ಬೇರೆಯಾಗಿ ಸೇರಿಸುವ ಅಗತ್ಯವಿಲ್ಲ, ಪ್ರತಿ ಬಣ್ಣದ ಕೆಳಗೆ ಪವರ್‌ಪಾಯಿಂಟೇ ಐದು ಛಾಯೆಗಳನ್ನು ಮಾಡಿಕೊಡುತ್ತದೆ.

ಬಣ್ಣವೊಂದನ್ನೇ ನಂಬಬಾರದೆಂದು ಕೆಂಪು ಕಂಬದ ಮೇಲೆ ಸಣ್ಣ ತ್ರಿಕೋನವನ್ನೂ "ಗುರಿಗಿಂತ ಕಡಿಮೆ" ಎಂಬ ಮಾತನ್ನೂ ಇಟ್ಟೆವು. ನಂತರ `Customize Colors` ತೆರೆದು ಹನ್ನೆರಡೂ ಸಂಕೇತಗಳನ್ನು ತುಂಬಿ ಉಳಿಸಿ, ಹಳೆಯ ಸ್ಲೈಡುಗಳಿಗೆ ಹೊಸ ಥೀಮ್ ಹಾಕಿದೆವು. ಹೆಚ್ಚಿನವು ಕೂಡಲೇ ಬದಲಾದವು. ಏಳು ಸ್ಲೈಡುಗಳಲ್ಲಿ ಹಳೆಯ ಕೆಂಪು ಕದಲಲಿಲ್ಲ. ಅವುಗಳಲ್ಲಿ ಯಾರೋ ಥೀಮಿನಿಂದ ಆರಿಸದೆ ಐಡ್ರಾಪರಿನಿಂದ ಬಣ್ಣ ಎತ್ತಿ ಬಳಿದಿದ್ದರು. ಅವನ್ನು ಒಂದೊಂದಾಗಿ ಕೈಯಲ್ಲೇ ಸರಿಮಾಡಿದೆವು.